ಗ್ರೂಪ್ ಅಡ್ಮಿನ್ ಎಂಬ ಬಿಟ್ಟಿ ಗೌಡಿಕೆ

ನಾನು ಅಡ್ಮಿನ್ ಆಗಿದ್ದು ಚುನಾವಣೆ ಗೆದ್ದಲ್ಲ. ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪ್ ಶುರು ಮಾಡಿದವರು ಪಾರ್ಕಿಂಗ್ ಜಗಳದಲ್ಲಿ ಬೇಜಾರಾಗಿ ಒಂದು ರಾತ್ರಿ ಗ್ರೂಪ್ ಬಿಟ್ಟು ಹೋದರು. ಇದ್ದ ಒಬ್ಬ ಅಡ್ಮಿನ್ನೂ ಹೋದರೆ ವಾಟ್ಸಾಪ್ ತಾನೇ ಇನ್ನೊಬ್ಬರನ್ನು ಹಿಡಿದು ಆ ಜಾಗದಲ್ಲಿ ಕೂರಿಸುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಆ ಇನ್ನೊಬ್ಬ ನಾನೇ. ಸಂಬಳ ಇಲ್ಲ, ಭತ್ಯೆ ಇಲ್ಲ. ಹಳೇ ಕಾಲದ ಬಿಟ್ಟಿ ಗೌಡಿಕೆ ಹಾಗೆ. ಊರಿನ ಜಗಳಕ್ಕೆಲ್ಲ ನಾನೇ ಬೇಕು, ಊಟಕ್ಕೆ ಕರೆಯುವವರು ಯಾರೂ ಇಲ್ಲ.

ಮೂರು ತಿಂಗಳು ನೆಮ್ಮದಿಯಾಗಿತ್ತು. ನೀರು ಬಂತಾ, ಕರೆಂಟ್ ಹೋಯ್ತಾ, ಶುಭೋದಯ. ಆಮೇಲೆ ಒಂದು ರಾತ್ರಿ ಒಂಬತ್ತೂವರೆಗೆ ನಮ್ಮ ರಿಟೈರ್ಡ್ ಅಂಕಲ್ ಒಂದು ಫಾರ್ವರ್ಡ್ ಹಾಕಿದರು. ಬೆಡ್‌ಶೀಟ್ ಮಾರುವವರ ವೇಷದಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ, ನಿಮ್ಮ ಏರಿಯಾದಲ್ಲೇ ಇದ್ದಾರೆ, ಕಂಡರೆ ಬಿಡಬೇಡಿ. ಯಾವ ಏರಿಯಾ ಅಂತ ಬರೆದಿರಲಿಲ್ಲ. ಓದಿದವರದ್ದೆಲ್ಲ 'ನಿಮ್ಮ ಏರಿಯಾ' ತಾನೇ, ಹಾಗಾಗಿ ಎಲ್ಲಿಗೆ ಹೋದರೂ ಸರಿಹೋಗುತ್ತದೆ. ಕೆಳಗೆ ಅಂಕಲ್ ತಮ್ಮ ಕೈಯಾರೆ ಟೈಪ್ ಮಾಡಿದ್ದರು: "ಹಾಗೇ ಬಂದದ್ದು. ನಿಜವೋ ಸುಳ್ಳೋ ಗೊತ್ತಿಲ್ಲ. ಎಚ್ಚರ ಇರಲಿ ಅಂತ ಕಳಿಸಿದ್ದೀನಿ." ಪಕ್ಕದಲ್ಲಿ ಕೈ ಮುಗಿದ ಚಿತ್ರ.

ಆ ಮೆಸೇಜಿನ ತಲೆ ಮೇಲೆ ಎರಡು ಬಾಣದ ಗುರುತಿತ್ತು. ಅಂದರೆ ಅದು ಐದಾರು ಕೈ ದಾಟಿ ಬಂದ ಮಾಲು. ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಲು 2020ರಿಂದ ವಾಟ್ಸಾಪ್ ಬಿಡುತ್ತದೆ. ಅಂಕಲ್‌ಗೆ ಅದೇನು ತಡೆಯೇ? ಕುಂಡಗಳಿಗೆ ನೀರು ಹಾಕುವ ಹಾಗೆ ಒಂದೊಂದಾಗಿ ಹನ್ನೊಂದು ಗ್ರೂಪಿಗೆ ಹಾಕಿದ್ದಾರೆ. ರಿಟೈರ್ ಆದವರಿಗೆ ತಾಳ್ಮೆ ಜಾಸ್ತಿ.

ಹತ್ತು ನಿಮಿಷದಲ್ಲಿ ಮೂರನೇ ಕ್ರಾಸಿನವರು, "ಸಂಜೆ ಇಬ್ಬರು ಬೆಡ್‌ಶೀಟ್ ಹೊತ್ತು ಹೋಗ್ತಿದ್ರು, ನಾನೇ ಕಣ್ಣಾರೆ ನೋಡಿದೆ" ಎಂದರು. ಬೆಡ್‌ಶೀಟ್ ಮಾರುವವರು ಬೆಡ್‌ಶೀಟನ್ನೇ ಹೊತ್ತು ಹೋಗುತ್ತಾರೆ, ಇನ್ನೇನು ಹೊರಬೇಕು? ಅಷ್ಟರಲ್ಲಿ ಮತ್ತೊಬ್ಬರು, "ಹುಡುಗರು ಮೂಲೆ ಅಂಗಡಿ ಹತ್ತಿರ ಸೇರಿ" ಎಂದು ಬರೆದರು. ನನ್ನ ಎದೆ ಧಸಕ್ಕೆಂದಿತು.

ಇಲ್ಲಿ ನಗು ಬರುವುದಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆ ಔರಾದ್ ಕಡೆ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪ್ ಹತ್ತಿ ಅವರ ಕಾರಿಗಿಂತ ಮೊದಲೇ ಮುರ್ಕಿ ಎಂಬ ಊರು ತಲುಪಿತ್ತು. ಜನ ಸೇರಿ ಹೊಡೆದರು, ಒಬ್ಬ ಎಂಜಿನಿಯರ್ ಸತ್ತ. ಪೊಲೀಸರು ಹಿಡಿದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದ. ಅದಕ್ಕೆ ಎರಡು ತಿಂಗಳ ಹಿಂದೆ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಇದೇ ವದಂತಿ ರಾಜಸ್ಥಾನದ ಒಬ್ಬ ಯುವಕನ ಜೀವ ತೆಗೆದಿತ್ತು.

ನಾನು 112ಕ್ಕೆ ಫೋನ್ ಮಾಡಿದೆ. ಬೀಟ್ ಪೊಲೀಸರು ಬಂದು ವಿಚಾರಿಸಿದರು. ಬೆಡ್‌ಶೀಟಿನವರು ಆಗಲೇ ಬಸ್ ಹತ್ತಿ ಹೋಗಿದ್ದರು, ಸದ್ಯ. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪೊಲೀಸ್ ಎಂಬ ಪದ ಗ್ರೂಪಿನಲ್ಲಿ ಬಿದ್ದದ್ದೇ ತಡ, ಎಲ್ಲರಿಗೂ ಕಾನೂನು ನೆನಪಾಯಿತು. "ಏನಾದ್ರೂ ಆದ್ರೆ ಅಡ್ಮಿನ್‌ನ ಒಳಗೆ ಹಾಕ್ತಾರಂತೆ" ಎಂದು ಒಬ್ಬರು ಬರೆದರು. ಅದಕ್ಕೆ ನಲವತ್ತು ಹೆಬ್ಬೆರಳು ಬಿದ್ದವು. ಅಂಕಲ್ ಅವರದ್ದೂ ಒಂದು.

ಬೆಳಿಗ್ಗೆ ಎದುರುಮನೆ ವಕೀಲರ ಹತ್ತಿರ ಓಡಿದೆ. ಅವರು ಕಾಫಿ ಹೀರುತ್ತ ಕೇಳಿದರು, "ನೀವೇನಾದ್ರೂ ಫಾರ್ವರ್ಡ್ ಮಾಡಿದ್ರಾ? ಹುಡುಗರನ್ನ ಸೇರಿಸಿ ಅಂತ ಯಾರ ಜೊತೆನಾದ್ರೂ ಸೇರಿ ಪ್ಲಾನ್ ಮಾಡಿದ್ರಾ?" ಇಲ್ಲ ಎಂದೆ. "ಹಾಗಾದ್ರೆ ಸುಮ್ನೆ ಯಾಕೆ ಬೆವರ್ತೀರಿ?"

ಅವರು ಹೇಳಿದ್ದು ಇಷ್ಟು. ಗ್ರೂಪಿನಲ್ಲಿ ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ತಪ್ಪಿತಸ್ಥ ಎನ್ನುವ ಕಾನೂನೇ ಇಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಇದನ್ನು ಬಿಡಿಸಿ ಹೇಳಿವೆ. ಅಡ್ಮಿನ್‌ಗೆ ಇರುವುದು ಜನರನ್ನು ಸೇರಿಸುವ, ತೆಗೆಯುವ ಅಧಿಕಾರ. ಸದಸ್ಯರು ಅವನ ಆಳುಗಳಲ್ಲ, ಅವನು ಅವರ ಯಜಮಾನನಲ್ಲ. ಮೊದಲೇ ಮಾತಾಡಿಕೊಂಡು ಕೈ ಜೋಡಿಸಿದ್ದರೆ ಆ ಮಾತು ಬೇರೆ. ದೆಹಲಿ ಹೈಕೋರ್ಟ್ 2016ರಲ್ಲೇ, ಮಾನಹಾನಿಗೆ ಅಡ್ಮಿನ್‌ನನ್ನು ಹಿಡಿಯುವುದು ಪೇಪರಿನಲ್ಲಿ ಬಂದ ಸುದ್ದಿಗೆ ಆ ಕಾಗದ ತಯಾರಿಸಿದವನನ್ನು ಹಿಡಿದಂತೆ ಎಂದಿತ್ತು.

ಹಾಗಂತ ಸರ್ಕಾರಿ ಕಚೇರಿಗಳು ಇದನ್ನು ಒಪ್ಪಿ ಕೂತಿವೆಯೇ? 2016ರಲ್ಲಿ ಕಾಶ್ಮೀರದ ಕುಪ್ವಾರ ಜಿಲ್ಲಾಡಳಿತ, ಸುದ್ದಿ ಹಂಚುವ ವಾಟ್ಸಾಪ್ ಗ್ರೂಪುಗಳೆಲ್ಲ ಹತ್ತು ದಿನದಲ್ಲಿ ಬಂದು ನೋಂದಾಯಿಸಿಕೊಳ್ಳಿ ಎಂದು ಆದೇಶ ಹೊರಡಿಸಿತ್ತು. ಮರುವರ್ಷ ವಾರಾಣಸಿಯ ಅಧಿಕಾರಿಗಳು, ವದಂತಿ ಹಬ್ಬಿದರೆ ಅಡ್ಮಿನ್ ಮೇಲೂ ಎಫ್‌ಐಆರ್ ಎಂದರು. ವಕೀಲರು ನಕ್ಕರು. "ಕೊನೆಗೆ ಕೋರ್ಟಲ್ಲಿ ಗೆಲ್ತೀರಿ. ಆದ್ರೆ ಅದಕ್ಕೆ ಮೊದಲು ಠಾಣೆಯಿಂದ ನೋಟಿಸ್ ಬರಬಹುದು. ಫೋನ್ ಜಪ್ತಿ ಮಾಡಿ ಲ್ಯಾಬಿಗೆ ಕಳಿಸಬಹುದು. ಅದು ಯಾವಾಗ ವಾಪಸ್ ಬರುತ್ತೆ ಅಂತ ಮಾತ್ರ ನನ್ನ ಕೇಳ್ಬೇಡಿ."

"ಹಾಗಾದ್ರೆ ಅಂಕಲ್?" ಎಂದೆ.

ಆಗ ಅವರ ಮುಖ ಗಂಭೀರವಾಯಿತು. ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಂ ವದಂತಿ ಬರೆದವನನ್ನು ಮಾತ್ರ ಕೇಳುವುದಿಲ್ಲ, ಹರಡಿದವನನ್ನೂ ಕೇಳುತ್ತದೆ. ಜನರಲ್ಲಿ ಭಯ ಹುಟ್ಟಿಸಿ, ಯಾರಾದರೂ ಶಾಂತಿ ಕೆಡಿಸುವ ಅಪರಾಧಕ್ಕೆ ಇಳಿಯುವ ಸಾಧ್ಯತೆ ಇದ್ದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆದರೆ ಅದೇ ಕಲಂ ಒಂದು ಬಾಗಿಲನ್ನೂ ತೆರೆದಿಟ್ಟಿದೆ: ಇದು ನಿಜ ಎಂದು ನಂಬಲು ಸರಿಯಾದ ಕಾರಣ ಇತ್ತು, ಕೆಟ್ಟ ಉದ್ದೇಶ ಇರಲಿಲ್ಲ, ಒಳ್ಳೆ ಮನಸ್ಸಿನಿಂದ ಕಳಿಸಿದೆ ಎಂದು ತೋರಿಸಿದರೆ ಅಪರಾಧವಲ್ಲ.

"ಈಗ ನಿಮ್ಮ ಅಂಕಲ್ ಏನು ಬರೆದಿದ್ದಾರೆ ಓದಿ."

ಓದಿದೆ. ನಿಜವೋ ಸುಳ್ಳೋ ಗೊತ್ತಿಲ್ಲ.

"ನಿಜ ಅಂತ ನಂಬಿದ್ದೆ ಅನ್ನೋದೊಂದೇ ಅವರಿಗಿದ್ದ ಬಾಗಿಲು. ಅದಕ್ಕೆ ಅವರೇ ಬೀಗ ಹಾಕಿ, ಬೀಗದ ಕೈಯನ್ನ ಹನ್ನೊಂದು ಗ್ರೂಪಿಗೆ ಕಳಿಸಿದ್ದಾರೆ."

ಕೈ ಮುಗಿದ ಚಿತ್ರಕ್ಕೆ ಏನಾದರೂ ರಿಯಾಯಿತಿ ಇದೆಯಾ ಎಂದು ಕೇಳಿದೆ. ಇಲ್ಲವಂತೆ.

ಮನೆಗೆ ಬರುವಷ್ಟರಲ್ಲಿ ಗ್ರೂಪಿನಲ್ಲಿ ಕಾನೂನು ಅರಿವು ಉಕ್ಕಿ ಹರಿಯುತ್ತಿತ್ತು. ಎರಡು ನೀಲಿ ಟಿಕ್ ಪಕ್ಕ ಒಂದು ಕೆಂಪು ಟಿಕ್ ಬಂದರೆ ಸರ್ಕಾರ ನಿಮ್ಮ ಮೇಲೆ ಕ್ರಮ ಶುರು ಮಾಡಿದೆ ಎಂದರ್ಥವಂತೆ. ವಾಟ್ಸಾಪ್‌ನಲ್ಲಿ ಕೆಂಪು ಟಿಕ್ ಎಂಬುದೇ ಇಲ್ಲ. ವದಂತಿ ಕಳಿಸಬೇಡಿ ಎಂದು ಎಚ್ಚರಿಸುವ ಈ ವದಂತಿಯ ಮೇಲೂ ಎರಡು ಬಾಣ. ಕಳಿಸಿದವರು ಅಂಕಲ್. ಕೆಳಗೆ ಅದೇ ಸಾಲು: ಹಾಗೇ ಬಂದದ್ದು.

ಅಡ್ಮಿನ್‌ಗೆ ಬೇರೆಯವರ ಮೆಸೇಜನ್ನೂ ಎಲ್ಲರ ಫೋನಿನಿಂದ ಅಳಿಸುವ ಅನುಕೂಲವಿದೆ. ಮೆಸೇಜುಗಳ ಮೇಲೆ ನನಗಿರುವ ಅಧಿಕಾರ ಅದೊಂದೇ, ಬಳಸೇಬಿಟ್ಟೆ. ಮಕ್ಕಳ ಕಳ್ಳರನ್ನೂ ಕೆಂಪು ಟಿಕ್ಕನ್ನೂ ಒಟ್ಟಿಗೆ ಅಳಿಸಿದೆ. ಆ ಜಾಗದಲ್ಲಿ, ಅಡ್ಮಿನ್ ಇದನ್ನು ಅಳಿಸಿದ್ದಾರೆ ಎಂಬ ಬೂದು ಅಕ್ಷರ ನನ್ನ ಹೆಸರಿನ ಸಮೇತ ಕೂತಿತು.

ಅರ್ಧ ನಿಮಿಷ ಗ್ರೂಪ್ ತೆಪ್ಪಗಿತ್ತು. ಆಮೇಲೆ ಮೂರನೇ ಕ್ರಾಸಿನವರು ಬರೆದರು, "ಅಡ್ಮಿನ್ ಏನೋ ಮುಚ್ಚಿಡ್ತಿದ್ದಾರೆ. ಅಂಕಲ್, ಏನಿತ್ತು ಅದ್ರಲ್ಲಿ? ಇನ್ನೊಂದ್ಸಲ ಹಾಕಿ."

ಅಂಕಲ್ ಟೈಪ್ ಮಾಡುತ್ತಿದ್ದರು.