ಡೈರೆಕ್ಟರ್ ಕೊಟ್ಟ ಸಾಲಕ್ಕೆ ಪತ್ರ ಬೇಡವೇ? ಸತ್ಯಾಂಶ

“ಕಂಪನಿ ನನ್ನದೇ, ದುಡ್ಡೂ ನನ್ನದೇ. ಸಾಲಕ್ಕೆ ಪತ್ರ ಯಾಕೆ?”

ಡೈರೆಕ್ಟರ್ ಕೊಟ್ಟ ಸಾಲಕ್ಕೆ ಪತ್ರ ಬೇಡ ಎನ್ನುವ ಫಾರ್ವರ್ಡ್ ಸಂದೇಶ ನಿಮಗೂ ಬಂದಿರಬಹುದು. ಹೀಗನ್ನಿಸುವುದು ಸಹಜ. ಆದರೆ ಪ್ರೈವೇಟ್ ಲಿಮಿಟೆಡ್ ಕಂಪನಿ ಕಾನೂನಿನ ಕಣ್ಣಲ್ಲಿ ಬೇರೆಯೇ ವ್ಯಕ್ತಿ. ಡೈರೆಕ್ಟರ್ ಕೊಟ್ಟ ಹಣ, ಕಠಿಣ ನಿಯಮಗಳಿರುವ ‘ಠೇವಣಿ’ ಎಂದು ಲೆಕ್ಕಕ್ಕೆ ಬರಬಾರದೆಂದರೆ, ಕೊಡುವಾಗಲೇ ಬರಹದಲ್ಲಿ ಒಂದು ಘೋಷಣೆ ಬೇಕು: ಇದು ಬೇರೆಯವರಿಂದ ಸಾಲ ತಂದ ಹಣವಲ್ಲ ಎಂದು. ಸುಮ್ನೆ ಸಹಿ ಹಾಕುವ ಮಾತಲ್ಲ ಇದು. ಮನೆ ಅಡವಿಟ್ಟು ತಂದ ದುಡ್ಡಾದರೆ ಆ ಮಾತು ಸುಳ್ಳಾಗುತ್ತದೆ.

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಕಂಪನಿ ಎಂದುಕೊಳ್ಳಿ. ಡೈರೆಕ್ಟರ್ ತಮ್ಮ ಉಳಿತಾಯದಿಂದ 6 ಲಕ್ಷ ರೂಪಾಯಿ ಕೊಡುತ್ತಾರೆ. ಪತ್ರದಲ್ಲಿ ತಾರೀಖು, ಮೊತ್ತ, ಬ್ಯಾಂಕ್ ವರ್ಗಾವಣೆಯ ವಿವರ, ಬಡ್ಡಿ ಉಂಟೋ ಇಲ್ಲವೋ, ಮೇಲಿನ ಘೋಷಣೆ ಇರಲಿ. ಜೊತೆಗೆ, “ಎರಡು ವರ್ಷದ ನಂತರ ತಿಂಗಳಿಗೆ 50,000ದಂತೆ 12 ಕಂತು” ಎಂದು ಬರೆಯಲಿ. ಕಂಪನಿ ಬೋರ್ಡ್ ಸಭೆಯಲ್ಲಿ ಇದನ್ನು ಒಪ್ಪಿ ದಾಖಲಿಸಲಿ.

ಕಂತಿನ ತಾರೀಖು ಬರೆಯದಿದ್ದರೆ? ಕೇಳಿದಾಗ ಕೊಡಬೇಕಾದ ಸಾಲವೆಂದು ಅದು ಸಾಮಾನ್ಯವಾಗಿ ಅಲ್ಪಾವಧಿ ಸಾಲದ ಗುಂಪಿಗೆ ಸೇರುತ್ತದೆ. ಆಗ ದುಡಿಯುವ ಬಂಡವಾಳ ಕೇಳಲು ಬ್ಯಾಂಕಿಗೆ ಹೋದರೆ, ಕಂಪನಿಯ ಲೆಕ್ಕ ಇರುವುದಕ್ಕಿಂತ ಸೊರಗಿದಂತೆ ಕಾಣುತ್ತದೆ. ನನಗೆ ಪತ್ರದಲ್ಲಿ ಜಾಸ್ತಿ ಮುಖ್ಯ ಅನ್ನಿಸುವುದು ಕಂತಿನ ಈ ಮಾತೇ.

ನಗದು ಬೇಡ. 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಾಗಿ ಪಡೆದರೆ ಆದಾಯ ತೆರಿಗೆ ದಂಡ ಬೀಳಬಹುದು.

ನೀವೇ ನೋಡಬೇಕೆಂದರೆ mca.gov.in ತಾಣದಲ್ಲಿ ಕಂಪನಿಗಳ ಠೇವಣಿ ನಿಯಮ 2014 ತೆರೆಯಿರಿ. 2(1)(c)(viii) ಓದಿ. ಫಾರ್ವರ್ಡ್ ಮಾಡಿದವರಿಗೂ ಅದನ್ನೇ ಕಳಿಸಿ.