ಆ ಚಾಟ್ ಅಳಿಸಿದ್ದು ಯಾರನ್ನು ಉಳಿಸಲು?

ನಿನ್ನೆ ರಾತ್ರಿಯಿಂದ ನನ್ನ ಸಿಟ್ಟು ಇಳಿದಿಲ್ಲ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ನಮ್ಮೂರ ಕಡೆಯ ಕುಟುಂಬವೊಂದಿದೆ. ಅವರ ಹತ್ತೊಂಬತ್ತರ ಮಗಳ ಇನ್‌ಸ್ಟಾಗ್ರಾಂ ಫೋಟೊದಿಂದ ಯಾವನೋ ಮುಖ ಕತ್ತರಿಸಿ, ಬೆತ್ತಲೆ ದೇಹಕ್ಕೆ ಅಂಟಿಸಿ, ಮೊನ್ನೆ ಸಂಜೆ ವಾಟ್ಸಾಪ್‌ನಲ್ಲಿ ಅವಳಿಗೇ ಕಳುಹಿಸಿದ್ದಾನೆ. ಅವಳು ಹೆದರಿ ಯುಪಿಐ ಮೂಲಕ ಮೂರು ಸಾವಿರ ಕೊಟ್ಟಳು. ಕೊಡುವವಳು ಎಂದು ಗೊತ್ತಾದ ಮೇಲೆ ಅವನು ಬಿಡುತ್ತಾನೆಯೇ? ಬೆಳಗಾಗುವಷ್ಟರಲ್ಲಿ ಹತ್ತು ಸಾವಿರ ಕೇಳಿದ.

ಆಗ ಹುಡುಗಿ ಮನೆಯಲ್ಲಿ ಹೇಳಿದಳು. ಆ ಧೈರ್ಯಕ್ಕೆ ಮನೆಯವರು ಏನು ಮಾಡಿದರು ಗೊತ್ತೇ? ದೊಡ್ಡಪ್ಪ ಫೋನ್ ಕಿತ್ತುಕೊಂಡು ಇಡೀ ಚಾಟ್ ಅಳಿಸಿ, ನಂಬರ್ ಬ್ಲಾಕ್ ಮಾಡಿ, "ಮುಗಿಯಿತು, ಇನ್ನು ಇದರ ಸುದ್ದಿ ಬೇಡ" ಎಂದರು.

ಏನು ಮುಗಿಯಿತು? ಫೋಟೊ ಅವನ ಬಳಿ ಹಾಗೆಯೇ ಇದೆ. ಇಲ್ಲವಾದದ್ದು ಅವನ ವಿರುದ್ಧ ನಮ್ಮ ಕೈಯಲ್ಲಿದ್ದ ಸಾಕ್ಷಿ ಮಾತ್ರ. ವಕೀಲರ ಕಚೇರಿಯಲ್ಲಿ ಕಾಗದಗಳ ನಡುವೆಯೇ ನನ್ನ ಆಯುಸ್ಸು ಕಳೆಯುತ್ತಿದೆ ಎಂದು ನಿಮಗೆ ಗೊತ್ತು. ಸಾಕ್ಷಿಯನ್ನು ಮನೆಯವರೇ ನಾಶ ಮಾಡುವುದನ್ನು ನೋಡಿದರೆ ನನಗೆ ತಡೆಯಲಾಗುವುದಿಲ್ಲ.

ಪುಣ್ಯಕ್ಕೆ ಅವಳ ಫೋನಿನಲ್ಲಿ ದಿನನಿತ್ಯದ ಬ್ಯಾಕಪ್ ಚಾಲ್ತಿಯಲ್ಲಿತ್ತು. ವಾಟ್ಸಾಪ್ ಇದನ್ನು ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಯ ಸುಮಾರಿಗೆ ಮಾಡುತ್ತದೆ. ಹೊಸ ಬ್ಯಾಕಪ್ ಆದರೆ ಹಳೆಯದು ಹೋಗುತ್ತದೆ, ಆದ್ದರಿಂದ ಆ ಹೊತ್ತಿಗೆ ಮುಂಚೆಯೇ ಆ್ಯಪ್ ತೆಗೆದು, ಅದೇ ನಂಬರ್ ಮತ್ತು ಅದೇ ಗೂಗಲ್ ಖಾತೆಯಿಂದ ಮತ್ತೆ ಹಾಕಿ ಚಾಟ್ ಹಿಂದಕ್ಕೆ ತರಿಸಿದೆವು. ಮೊದಲ ಬೆದರಿಕೆ, ಫೋಟೊ, ಹಣ ಕಳುಹಿಸಲು ಅವನು ಕೊಟ್ಟ ಯುಪಿಐ ವಿಳಾಸ ಬಂದವು. ಹತ್ತು ಸಾವಿರದ ಬೇಡಿಕೆ ಬ್ಯಾಕಪ್ ಆದ ಮೇಲಿನದು, ಅದು ಬರಲಿಲ್ಲ. ಅದೇ ಫೋಟೊವನ್ನು ಅವನು ಅವಳ ಅತ್ತೆಯ ಮಗನಿಗೂ ನಕಲಿ ಇನ್‌ಸ್ಟಾಗ್ರಾಂ ಖಾತೆಯಿಂದ ಕಳುಹಿಸಿದ್ದ, ಆ ಸಂದೇಶ ಉಳಿದಿತ್ತು.

ಸ್ಕ್ರೀನ್‌ಶಾಟ್ ಒಂದಿದ್ದರೆ ಸಾಲದು. ಪ್ರೊಫೈಲಿನಲ್ಲಿ ಕಾಣುವ ಹೆಸರನ್ನು ಅವನು ಬದಲಿಸಬಲ್ಲ, ಆದ್ದರಿಂದ ಪ್ರೊಫೈಲಿನ ಪೂರ್ತಿ ಲಿಂಕ್ ಬೇಕು. ಪೂರ್ತಿ ಫೋನ್ ನಂಬರ್, ದಿನಾಂಕ, ಸಮಯ ಕಾಣಬೇಕು. ಚಾಟನ್ನು ‘ಎಕ್ಸ್‌ಪೋರ್ಟ್’ ಮಾಡಿ ಇಡಬೇಕು, ಹಣ ಹೋದ ವ್ಯವಹಾರದ ಯುಟಿಆರ್ ಸಂಖ್ಯೆ ಬರೆದುಕೊಳ್ಳಬೇಕು. ಖಾತೆಯನ್ನು ರಿಪೋರ್ಟ್ ಮಾಡುವುದು ಇದರ ನಂತರ, ಏಕೆಂದರೆ ಅದು ತೆಗೆದುಹೋದರೆ ನಮಗೂ ಕಾಣುವುದಿಲ್ಲ. ಆ ಫೋಟೊವನ್ನು ಸಾಕ್ಷಿ ಎಂದು ನೆಂಟರ ಗುಂಪಿಗೆ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಅಶ್ಲೀಲ ಚಿತ್ರ ಹರಡುವುದು ಐಟಿ ಕಾಯಿದೆಯಡಿ ಅಪರಾಧ.

"ಹುಡುಗಿಯ ಮರ್ಯಾದೆಗಾಗಿ ಅಳಿಸಿದೆ" ಎಂಬುದು ದೊಡ್ಡಪ್ಪನ ವಾದ. ಅವರಿಗೆ ಅವಳ ಮೇಲೆ ಪ್ರೀತಿಯಿದೆ, ಒಪ್ಪುತ್ತೇನೆ. ಆದರೆ ಆ ವಾದವನ್ನು ಒಪ್ಪಲಾರೆ. ಜಾಲತಾಣಗಳಲ್ಲಿ ಫೋಟೊ ಹರಡದಂತೆ ತಡೆಯಲು ಒಂದು ದಾರಿಯಿದೆ, ಅದಕ್ಕೆ ಫೋಟೊ ನಮ್ಮ ಫೋನಿನಲ್ಲಿ ಇರಲೇಬೇಕು. StopNCII.org ಎಂಬ ತಾಣ ಹದಿನೆಂಟು ದಾಟಿದವರಿಗಾಗಿ ಇದೆ. ಅದು ನಮ್ಮ ಫೋನಿನಲ್ಲಿಯೇ ಫೋಟೊದ ಬೆರಳಚ್ಚಿನಂಥ ಒಂದು ಸಂಕೇತ ತಯಾರಿಸುತ್ತದೆ. ಫೋಟೊ ಎಲ್ಲಿಗೂ ಹೋಗುವುದಿಲ್ಲ, ಸಂಕೇತ ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಸೇರಿಕೊಂಡಿರುವ ಕಂಪನಿಗಳಿಗೆ ಹೋಗುತ್ತದೆ. ಅದಕ್ಕೆ ಹೊಂದುವ ಚಿತ್ರವನ್ನು ಅವು ಹುಡುಕಿ ತಡೆಯಬಲ್ಲವು. ವಾಟ್ಸಾಪ್‌ನಲ್ಲಿ ಒಬ್ಬರಿಂದೊಬ್ಬರಿಗೆ ಹೋಗುವುದನ್ನು ಇದು ತಡೆಯಲಾರದು, ಚಿತ್ರವನ್ನು ತಿದ್ದಿದರೆ ತಪ್ಪಿಸಿಕೊಳ್ಳಲೂಬಹುದು. ಆದರೂ ಅಳಿಸಿದ ಫೋಟೊದಿಂದ ಸಂಕೇತ ಹುಟ್ಟುವುದಿಲ್ಲ, ದೊಡ್ಡಪ್ಪನಿಗೆ ಇದನ್ನೇ ಎಷ್ಟು ಸಲ ಹೇಳಿದೆ!

ಜಾಲತಾಣದ ದೂರು ಅಧಿಕಾರಿಗೂ ನೇರವಾಗಿ ಬರೆಯಬೇಕು. ನಗ್ನ ಚಿತ್ರ, ಮಾರ್ಫ್ ಮಾಡಿದ ಚಿತ್ರಗಳನ್ನು ದೂರು ಬಂದ 24 ಗಂಟೆಯೊಳಗೆ ತೆಗೆಯಬೇಕು ಎಂದು 2021ರ ಐಟಿ ನಿಯಮಗಳು ಬಂದಾಗಲೇ ಹೇಳಿದ್ದವು. ಅಲ್ಲಿಯೂ ಪ್ರತಿ ಲಿಂಕನ್ನು ಬೇರೆ ಬೇರೆಯಾಗಿ ಕೇಳುತ್ತಾರೆ. ಲಿಂಕ್ ಇಲ್ಲದ ದೂರಿಗೆ ಬೆಲೆಯಿಲ್ಲ.

ರಾತ್ರಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ಹಣದ ವಿಷಯ ತಿಳಿಸಿದೆವು. ಹಣ ಮುಂದಿನ ಖಾತೆಗೆ ಜಾರುವ ಮೊದಲು ತಡೆಯಲು ಬೇಗ ಹೇಳಿದಷ್ಟೂ ಒಳ್ಳೆಯದು. ಸರ್ಕಾರದ cybercrime.gov.in ತಾಣದಲ್ಲಿ ಹೆಸರು ಹೇಳದೆ ದೂರು ಕೊಡುವ ದಾರಿಯೂ ಇದೆ, ಮನೆಯವರ ಬೆರಳು ಅತ್ತಲೇ ಹೋಯಿತು. ನಾನು ಬಿಡಲಿಲ್ಲ. ಹಾಗೆ ಕೊಟ್ಟರೆ ದೂರು ಎಲ್ಲಿಗೆ ಬಂತು ಎಂದು ನೋಡಲಾಗುವುದಿಲ್ಲ. ಹೆಸರು, ನಂಬರ್ ಕೊಟ್ಟು ‘ರಿಪೋರ್ಟ್ ಅಂಡ್ ಟ್ರ್ಯಾಕ್’ ಆಯ್ದುಕೊಂಡೆವು.

ಇಂದು ಠಾಣೆಯಲ್ಲಿ "ಇದು ನಮ್ಮ ವ್ಯಾಪ್ತಿಯಲ್ಲ" ಎಂದಾಗ ಹುಡುಗಿ ನನ್ನ ಮುಖ ನೋಡಿದಳು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ದಾಖಲಿಸಿಕೊಳ್ಳಬೇಕು ಎಂದು ಅವಳೇ ಹೇಳಿದಳು. ದಾರಿಯಲ್ಲಿ ನಾನು ಹೇಳಿಕೊಟ್ಟಿದ್ದೆ. ದೂರು ಬರೆದುಕೊಂಡರು.

ನಕಲಿ ಖಾತೆ ಮಧ್ಯಾಹ್ನ ತೆಗೆದುಹೋಯಿತು. ದೊಡ್ಡಪ್ಪ ಈಗ ಅವಳಿಗೆ ಹೊಸ ಫೋನ್, ಹೊಸ ಸಿಮ್ ತರಲು ಹೊರಟಿದ್ದಾರೆ. ತರಲಿ. ಹಳೆಯ ಫೋನ್ ಮತ್ತು ನಂಬರ್ ಮಾತ್ರ ಹಾಗೆಯೇ ಇರಬೇಕು. ನ್ಯಾಯಾಲಯಕ್ಕೆ ಆ ಸಾಕ್ಷಿ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರವೂ ಜೊತೆಗಿರಬೇಕು, ಅದರಲ್ಲಿ ಆ ಸಾಧನದ ವಿವರವನ್ನೇ ಬರೆಯಬೇಕಾಗುತ್ತದೆ.