ಆವಕ ಸಂಖ್ಯೆ ಇಲ್ಲದ ಅರ್ಜಿ

ತಿಪಟೂರಿನ ಕಾಲೇಜೊಂದರ ಕಚೇರಿಯಲ್ಲಿ 14 ವರ್ಷ ಟಪಾಲು ನೋಡಿಕೊಂಡವನು ನಾನು. ಯಾರೇ ಅರ್ಜಿ ತಂದರೂ ಅದರ ಮೇಲೆ ದುಂಡು ಮೊಹರು ಒತ್ತಿ, ತಾರೀಖು ಹಾಕಿ, ಆವಕ ವಹಿಯಲ್ಲಿ ಒಂದು ಸಾಲು ಬರೆದು, ಆ ಸಾಲಿನ ಕ್ರಮಸಂಖ್ಯೆಯನ್ನು ಅರ್ಜಿಯ ನೆತ್ತಿಯ ಮೇಲೂ ಅರ್ಜಿದಾರರು ತಂದಿದ್ದ ಎರಡನೆಯ ಪ್ರತಿಯ ಮೇಲೂ ನಮೂದಿಸಿ ಕೊಡುವುದು ನನ್ನ ಕೆಲಸವಾಗಿತ್ತು. ಆಮೇಲೆ ಅರ್ಜಿಯ ಗತಿ ಏನಾಯಿತೆಂಬುದಕ್ಕೂ ನನಗೂ ಸಂಬಂಧವಿರಲಿಲ್ಲ. ಎಷ್ಟೋ ಅರ್ಜಿಗಳು ಪ್ರಾಂಶುಪಾಲರ ಮೇಜಿನ ಎಡಗಡೆಯ ಟ್ರೇಯಲ್ಲೇ ಬೇಸಿಗೆ ರಜೆ ಕಳೆದಿವೆ. ಆದರೆ ಅರ್ಜಿ ಬಂದೇ ಇಲ್ಲ ಎಂದು ಮಾತ್ರ ಯಾರೂ ಹೇಳುವಂತಿರಲಿಲ್ಲ. ಕ್ರಮಸಂಖ್ಯೆ ಕೈಯಲ್ಲಿದ್ದವನ ಮುಂದೆ ಎಂಥ ಅಧಿಕಾರಿಯೂ ಸ್ವಲ್ಪ ತಗ್ಗಿಯೇ ಮಾತನಾಡುತ್ತಿದ್ದರು.

ಇಂಥ ನಾನು 41ನೆಯ ವಯಸ್ಸಿನಲ್ಲಿ, ಒಂದು ವರ್ಷ ರಾತ್ರಿ ಕೂತು ಎಸ್‌ಕ್ಯೂಎಲ್ ಕಲಿತು, ಡೇಟಾ ಅನಲಿಸ್ಟ್ ಆಗುತ್ತೇನೆಂದು ಹೊರಟೆ. ಏಕೆ ಎಂಬುದು ಬೇರೆ ಕಥೆ, ಅದನ್ನು ಮನೆಯಲ್ಲಿ ಈಗಲೂ ವಾರಕ್ಕೊಮ್ಮೆ ಹೇಳುತ್ತಿದ್ದೇನೆ. ಬೆಂಗಳೂರಿನ ಒಂದು ಕಂಪನಿಯಲ್ಲಿ ನನಗೆ ಹೇಳಿ ಮಾಡಿಸಿದಂಥ ಹುದ್ದೆ ಕಾಣಿಸಿತು. ಒಂದು ಭಾನುವಾರ ರಾತ್ರಿ ಊಟ ಮುಗಿಸಿ, ಕಂಪನಿಯ ಪೋರ್ಟಲ್ ತೆರೆದು ಕುಳಿತೆ.

ಬಯೋಡೇಟಾ ಅಪ್‌ಲೋಡ್ ಮಾಡಿದರೆ ಉಳಿದದ್ದನ್ನೆಲ್ಲ ತಾನೇ ತುಂಬಿಕೊಳ್ಳುತ್ತೇನೆಂದು ಪೋರ್ಟಲ್ ಭರವಸೆ ಕೊಟ್ಟಿತು. ನನ್ನ ಬಯೋಡೇಟಾ ಎರಡು ಅಂಕಣದ್ದು. ಎಡಗಡೆ ಹೆಸರು, ವಿಳಾಸ, ಹವ್ಯಾಸ, ಬಲಗಡೆ ಅನುಭವ. ನೋಡಲು ಲಗ್ನಪತ್ರಿಕೆಯಷ್ಟು ಲಕ್ಷಣವಾಗಿತ್ತು. ನಾವು ಒಂದು ಅಂಕಣ ಮುಗಿಸಿ ಇನ್ನೊಂದಕ್ಕೆ ಹೋಗುತ್ತೇವೆ. ಆ ತಂತ್ರಾಂಶವೋ ಎಡದಿಂದ ಬಲಕ್ಕೆ ಒಂದೇ ಗೆರೆಯಾಗಿ ಓದಿಕೊಂಡು ಹೋಯಿತು. ಹೀಗಾಗಿ ನನ್ನ ಹಿಂದಿನ ಉದ್ಯೋಗದಾತರ ಹೆಸರು ‘ಚೆಸ್’ ಎಂದೂ, ಅಲ್ಲಿ ನಾನು ವಹಿಸಿದ್ದ ಹುದ್ದೆ ‘ಗಾಂಧಿನಗರ, ತಿಪಟೂರು’ ಎಂದೂ ದಾಖಲಾಯಿತು. ಎಲ್ಲವನ್ನೂ ಅಳಿಸಿ ಕೈಯಾರೆ ತುಂಬಿದೆ. ಕೆಲಸಕ್ಕೆ ಸೇರಿದ ದಿನಾಂಕ ಜೂನ್ 12 ಎಂದು 12/06 ಹಾಕಿದರೆ ಅದು ಸದ್ದಿಲ್ಲದೆ ಡಿಸೆಂಬರ್ 6 ಎಂದು ತಿಳಿದುಕೊಂಡಿತು. ಬಿಟ್ಟ ದಿನಾಂಕ 25/03 ಎಂದು ಹಾಕಿದಾಗ 25 ಎಂಬ ತಿಂಗಳಿಲ್ಲವೆಂದು ಕೆಂಪಾಯಿತು. ಆಗಲೇ ನನಗೆ ಅದು ಅಮೆರಿಕದ ಲೆಕ್ಕದಲ್ಲಿ ತಿಂಗಳನ್ನು ಮೊದಲು ಕೇಳುತ್ತಿದೆಯೆಂದು ಹೊಳೆದದ್ದು. ಕೆಂಪಾದ ತಪ್ಪು ಸಜ್ಜನ. ಸದ್ದಿಲ್ಲದೆ ಒಪ್ಪಿಕೊಂಡ ತಪ್ಪೇ ಅಪಾಯ.

ನಡುವೆ ಹೆಂಡತಿ ಹಾಲಿಗೆ ಹೆಪ್ಪು ಹಾಕಿದಿರಾ ಎಂದು ಕೇಳಿದಳು. ಹಾಕಿ ಬರುವಷ್ಟರಲ್ಲಿ ಪೋರ್ಟಲ್ ನನ್ನನ್ನು ಹೊರಗೆ ಹಾಕಿತ್ತು. ಮತ್ತೆ ಪಾಸ್‌ವರ್ಡ್, ಮತ್ತೆ ಮೊದಲಿನಿಂದ. ರಾತ್ರಿ ಹನ್ನೆರಡೂವರೆಗೆ, ಆರನೆಯ ಪುಟದಲ್ಲಿ, ನಾನು ತುಂಬಿದ್ದೆಲ್ಲವೂ ಒಟ್ಟಾಗಿ, ಅಚ್ಚುಕಟ್ಟಾಗಿ ಕಾಣಿಸಿತು. ಅದನ್ನು ಕಣ್ತುಂಬ ನೋಡಿ, ಲ್ಯಾಪ್‌ಟಾಪ್ ಮುಚ್ಚಿ, ದೇವರ ಮನೆಯ ಕಡೆ ಕೈ ಮುಗಿದು ಮಲಗಿದೆ.

ಒಂದು ದಿನ ಕಳೆಯಿತು, ಮೂರು ದಿನ ಕಳೆಯಿತು, ಒಂಬತ್ತು ದಿನ ಕಳೆಯಿತು. ಕಂಪನಿಯಿಂದ ‘ಬಂತು’ ಎಂಬ ಒಂದು ಶಬ್ದವೂ ಇಲ್ಲ. ಮಿಂಚಂಚೆಯ ಸ್ಪ್ಯಾಮ್ ಪೆಟ್ಟಿಗೆಯನ್ನು ದಿನಕ್ಕೆರಡು ಸಲ ಜಾಲಾಡಿದೆ, ಏಕೆಂದರೆ ಜಿಮೇಲ್ 30 ದಿನಕ್ಕೆ ಅಲ್ಲಿರುವುದನ್ನು ತಾನೇ ಗುಡಿಸಿ ಹಾಕುತ್ತದೆ. `in:anywhere` ಎಂದು ಸೇರಿಸಿ ಹುಡುಕಿದರೆ ಸ್ಪ್ಯಾಮು, ಕಸದ ಬುಟ್ಟಿಗಳೂ ಸೇರಿ ಎಲ್ಲ ಮೂಲೆಯೂ ಸಿಗುತ್ತದೆಂದು ತಿಳಿದು ಹಾಗೂ ಮಾಡಿದೆ. ಕಂಪನಿಯ ಹೆಸರಿನಲ್ಲಿ ಒಂದೇ ಒಂದು ಪತ್ರ ಸಿಕ್ಕಿತು: ಪೋರ್ಟಲ್‌ನಲ್ಲಿ ಖಾತೆ ತೆರೆದಾಗ ವಿಳಾಸ ಖಚಿತಪಡಿಸಿಕೊಳ್ಳಲು ಬಂದದ್ದು. ಅದರ ವಿಳಾಸ `noreply` ಎಂದು ಶುರುವಾಗುತ್ತಿತ್ತು. ಉತ್ತರ ಬೇಡವೆಂದು ಹೆಸರಿನಲ್ಲೇ ಹೇಳಿಕೊಂಡವರಿಗೆ ಉತ್ತರ ಬರೆಯಬಾರದೆಂಬ ವಿವೇಕ ಹತಾಶೆಯಲ್ಲಿ ಉಳಿಯುವುದಿಲ್ಲ. ಬರೆದೆ. ಅರ್ಧ ನಿಮಿಷದಲ್ಲಿ ಮೊಬೈಲ್ ಟಿಣ್ ಎಂದಿತು. ‘ಬಂತು, ಉತ್ತರ ಬಂತು!’ ಎಂದು ಅಡುಗೆಮನೆಗೆ ಓಡಿದೆ. ಒಲೆಯ ಬೆಳಕಿನಲ್ಲಿ ತೆರೆದು ನೋಡಿದರೆ `Delivery Status Notification (Failure)`. ನನ್ನ ಪತ್ರ ತಲುಪಲಿಲ್ಲವೆಂಬುದಕ್ಕೆ ಮಾತ್ರ ಸ್ವೀಕೃತಿ ಸಿಕ್ಕಿತ್ತು.

ಅದೇ ವಾರ ಮದುವೆಯೊಂದಕ್ಕೆ ಬೆಂಗಳೂರಿಗೆ ಹೋಗಬೇಕಿತ್ತು. ಹೇಗೂ ಬಂದಿದ್ದೇನೆ, ಖುದ್ದಾಗಿ ಕೇಳಿಬಿಡೋಣವೆಂದು ಮದುವೆಯ ಶರ್ಟಿನಲ್ಲೇ, ಕೈಯಲ್ಲಿ ತಾಂಬೂಲದ ತೆಂಗಿನಕಾಯಿಯ ಚೀಲ ಹಿಡಿದು ಆ ಕಂಪನಿಯ ಗೇಟಿಗೆ ಹೋದೆ. ಸೆಕ್ಯೂರಿಟಿಯವರು ವಿನಯವಾಗಿಯೇ ‘ಯಾರನ್ನ ನೋಡಬೇಕಿತ್ತು ಸಾರ್?’ ಎಂದರು. ನನಗೆ ಯಾರ ಹೆಸರೂ ಗೊತ್ತಿರಲಿಲ್ಲ. ‘ಅರ್ಜಿ ತಗೊಳ್ಳೋರನ್ನ’ ಎಂದೆ. ಅವರು ನನ್ನ ಹೆಸರು, ಊರು, ಬಂದ ಸಮಯವನ್ನು ಉದ್ದನೆಯ ಪುಸ್ತಕದಲ್ಲಿ ಬರೆದು, ಒಳಗೆ ಫೋನ್ ಮಾಡಿ, ‘ಎಲ್ಲಾ ಆನ್‌ಲೈನೇ ಅಂತೆ ಸಾರ್’ ಎಂದು ಸಂಕೋಚದಿಂದ ತಿಳಿಸಿದರು. ಸಹಿ ಮಾಡುವಾಗ ಕಣ್ಣು ಹಾಯಿಸಿದೆ. ನನ್ನದು 37ನೆಯ ಸಾಲು. ಆ ಕಂಪನಿ ನನಗೆ ಕೊಟ್ಟ ಮೊದಲ ಕ್ರಮಸಂಖ್ಯೆ ಅದೇ.

ಸಂಜೆ ಅಕ್ಕನ ಮನೆಗೆ ಹೋದೆ. ಅಕ್ಕನ ಮಗಳು ಬೇರೊಂದು ಕಂಪನಿಯಲ್ಲಿ ನೇಮಕಾತಿ ವಿಭಾಗದಲ್ಲಿದ್ದಾಳೆ. ನಾನು ಅವಳನ್ನು ಕೇಳದೆ ಇದ್ದದ್ದು ಸ್ವಾಭಿಮಾನದಿಂದ. ಎತ್ತಿ ಆಡಿಸಿದ ಹುಡುಗಿಯ ಹತ್ತಿರ ಅರ್ಜಿ ಹಾಕುವುದನ್ನು ಹೇಳಿಸಿಕೊಳ್ಳುವುದೆಂದರೆ ಟಪಾಲಿನವನಿಗೆ ಅವಮಾನವಲ್ಲವೇ.

‘ಮಾಮ, ಅರ್ಜಿ ಹಾಕಿದ ತಕ್ಷಣ ಮೇಲ್ ಬರ್ಬೇಕು. ಒಂದೆರಡು ನಿಮಿಷದಲ್ಲಿ ಬರ್ಲಿಲ್ಲ ಅಂದ್ರೆ ಅವರ ಮೇಲೆ ಅನುಮಾನ ಪಡೋಕೆ ಮುಂಚೆ ನಿಮ್ಮ ಮೇಲೆ ಅನುಮಾನ ಪಡಿ,’ ಎಂದಳು. ‘ಲಾಗಿನ್ ಮಾಡಿ, `My Applications` ಅಂತ ಇರುತ್ತೆ ನೋಡಿ.’

ಇತ್ತು. ಅದರೊಳಗೆ ನನ್ನ ಹುದ್ದೆಯ ಹೆಸರಿತ್ತು. ಪಕ್ಕದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ `Draft` ಎಂದಿತ್ತು.

ಆ ಆರನೆಯ ಪುಟ ಪರಿಶೀಲನೆಯ ಪುಟವಂತೆ. ಅದನ್ನು ತಳದವರೆಗೆ ಸರಿಸಿಕೊಂಡು ಹೋದರೆ, ಮೇಲಿನ ವಿವರಗಳೆಲ್ಲ ಸತ್ಯವೆಂದು ಘೋಷಿಸುವ ಚೌಕವೊಂದಿತ್ತು. ಅದಕ್ಕೆ ಗುರುತು ಹಾಕಿದ ಮೇಲೆಯೇ ಕೆಳಗಿನ `Submit` ಗುಂಡಿಗೆ ಜೀವ ಬರುತ್ತಿತ್ತು. ನಾನು ಹಿಂದಿನ ಪುಟಗಳಲ್ಲೆಲ್ಲ ಒತ್ತಿಕೊಂಡು ಬಂದದ್ದು `Save and Continue`. ಅಂದರೆ ಒಂಬತ್ತು ದಿನ ನಾನು ಸ್ವೀಕೃತಿಗಾಗಿ ಕಾದದ್ದು ನನ್ನದೇ ಜೇಬಿನಲ್ಲಿದ್ದ ಅರ್ಜಿಗೆ. ಕಾಲೇಜಿನಲ್ಲಿ ಸಹಿ ಮಾಡದೆ ಅರ್ಜಿ ತಂದವರನ್ನು ಕನ್ನಡಕದ ಮೇಲಿನಿಂದ ನೋಡಿ ನಾನು ವಾಪಸು ಕಳಿಸಿದ್ದೆಷ್ಟು ಸಲವೋ. ಅವರೆಲ್ಲರ ಮುಖವೂ ಆ ಕ್ಷಣ ಸಾಲಾಗಿ ನೆನಪಾಯಿತು.

ಪುಣ್ಯಕ್ಕೆ ಹುದ್ದೆ ಇನ್ನೂ ತೆರೆದಿತ್ತು. ಒತ್ತಲು ಬೆರಳು ಚಾಚಿದರೆ ಅವಳು ಕೈ ಹಿಡಿದಳು. ‘ಇದೇನು ಮಾಮ, ಸಂಬಂಧಪಟ್ಟ ಅನುಭವ ಎಷ್ಟು ವರ್ಷ ಅನ್ನೋದಕ್ಕೆ ಸೊನ್ನೆ ಹಾಕಿದ್ದೀರಲ್ಲ?’

ಸತ್ಯವನ್ನೇ ಬರೆದಿದ್ದೇನೆ, ಡೇಟಾ ಅನಲಿಸ್ಟ್ ಆಗಿ ಒಂದು ದಿನವೂ ಕೆಲಸ ಮಾಡಿಲ್ಲ ಎಂದೆ. ಅವಳು ವಿವರಿಸಿದ ಪ್ರಕಾರ, ಇಂಥ ಪ್ರಶ್ನೆಗಳಿಗೆ ಕಂಪನಿಯವರು ಕನಿಷ್ಠ ಮಿತಿಯೊಂದನ್ನು ಗೊತ್ತುಮಾಡಿಡುವುದುಂಟು. ಎರಡು ವರ್ಷವೆಂದು ಇಟ್ಟಿದ್ದರೆ ಸೊನ್ನೆಯೆಂದು ಬರೆದವರ ಅರ್ಜಿಯನ್ನು ಮನುಷ್ಯರಾರೂ ತೆರೆಯುವ ಮೊದಲೇ ಬದಿಗೆ ತಳ್ಳಲಾಗುತ್ತದೆ. ವೃತ್ತಿ ಬದಲಿಸುವವರು ಮುಗ್ಗರಿಸುವುದು ಬಹುತೇಕ ಇಲ್ಲಿಯೇ, ಏಕೆಂದರೆ ಅವರು ಹುದ್ದೆಯ ಹೆಸರನ್ನು ಎಣಿಸುತ್ತಾರೆಯೇ ಹೊರತು ಮಾಡಿದ ಕೆಲಸವನ್ನಲ್ಲ. ‘ಕೊನೆಯ ಐದು ವರ್ಷ ಇಡೀ ಕಾಲೇಜಿನ ಶುಲ್ಕದ ಬಾಕಿ ಎಕ್ಸೆಲ್‌ನಲ್ಲಿ ತೆಗೀತಿದ್ದದ್ದು ಯಾರು?’ ಎಂದು ಕೇಳಿದಳು. ನಾನೇ. ಯಾವ ವಿಭಾಗದಲ್ಲಿ, ಯಾವ ಕಂತಿನಲ್ಲಿ, ಯಾರು ಬಾಕಿಯೆಂದು ಪಿವೋಟ್ ಟೇಬಲ್ ಮಾಡಿ ಆಡಳಿತ ಮಂಡಳಿಯ ಸಭೆಗೆ ಕೊಡುತ್ತಿದ್ದೆ. ‘ಹಾಗಾದ್ರೆ ಐದು. ಹದಿನಾಲ್ಕು ಅಂತ ಹಾಕ್ಬೇಡಿ, ಟಪಾಲು ಲೆಕ್ಕಕ್ಕೆ ಬರಲ್ಲ. ಆದ್ರೆ ಈ ಐದು ಬಯೋಡೇಟಾದಲ್ಲೂ ಕಾಣಬೇಕು, ಇಲ್ಲಾಂದ್ರೆ ಕೇಳಿದಾಗ ಸಿಕ್ಕಿಬೀಳ್ತೀರಿ.’ ಲಗ್ನಪತ್ರಿಕೆಯನ್ನು ಒಂದೇ ಅಂಕಣಕ್ಕೆ ಇಳಿಸಿ, ಶುಲ್ಕದ ಬಾಕಿಯನ್ನು ಮೇಲಕ್ಕೆ ತಂದು, ಚೆಸ್ ಅನ್ನು ಕೈಬಿಟ್ಟು, ಚೌಕಕ್ಕೆ ಗುರುತು ಹಾಕಿ, ಒತ್ತಿದೆ. ನಿಮಿಷದೊಳಗೆ ಸ್ವೀಕೃತಿ ಬಂತು. ನಾನು ಅದನ್ನು ಮೂರು ಸಲ ಓದಿದೆ. ಅದರಲ್ಲಿದ್ದದ್ದು ಎರಡೇ ವಾಕ್ಯ.

ಎರಡು ವಾರ ಸುದ್ದಿಯಿಲ್ಲವಾದಾಗ, ಈ ಸಲ ಹಕ್ಕಿನಿಂದ, ವಿಚಾರಣೆಯ ಪತ್ರವೊಂದನ್ನು ಸಿದ್ಧಪಡಿಸಿದೆ. ಹುದ್ದೆಯ ಪ್ರಕಟಣೆಯನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿದವರ ಹೆಸರು ಅಲ್ಲೇ ಸಿಕ್ಕಿತ್ತು. ಕರಡನ್ನು ಸೋದರ ಸೊಸೆಗೆ ಕಳಿಸಿದೆ. ವಿಷಯ, ಉಲ್ಲೇಖ, ‘ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಎಂಬ ಧಾಟಿಯ ಇಂಗ್ಲಿಷಿನಲ್ಲಿ ಒಂದೂಕಾಲು ಪುಟ, ಕೊನೆಗೆ ಕುಟುಂಬದ ಪರಿಸ್ಥಿತಿ. ಅವಳು ಫೋನ್ ಮಾಡಿ ಬಹಳ ಹೊತ್ತು ನಕ್ಕಳು. ಆಮೇಲೆ, ‘ವಿಷಯ, ಉಲ್ಲೇಖ ಎರಡನ್ನೂ ಮಾತ್ರ ಮುಟ್ಟಲ್ಲ ಮಾಮ, ನಮಗೆ ಬೇಕಾಗಿರೋದು ಅದೇ. ಒಂದೇ ಹೆಸರಿನ ಹುದ್ದೆ ನಮ್ಮಲ್ಲಿ ಐದಾರು ಇರ್ತವೆ, ಜಾಬ್ ಐಡಿ ಇಲ್ಲದೆ ಕೇಳಿದ್ರೆ ಯಾವುದು ಅಂತ ಹುಡುಕೋದು?’ ಎಂದಳು. ಉಳಿದದ್ದನ್ನೆಲ್ಲ ಹೊಡೆದುಹಾಕಿ ನಾಲ್ಕು ಸಾಲು ಉಳಿಸಿದಳು: ಯಾವ ಹುದ್ದೆ, ಅದರ ಐಡಿ, ಅರ್ಜಿ ಹಾಕಿದ ದಿನಾಂಕ, ಕಾಲೇಜಿನ ಶುಲ್ಕದ ಮಾಹಿತಿಯನ್ನು ಐದು ವರ್ಷ ವಿಶ್ಲೇಷಿಸಿದವನು, ಈಗ ಅದನ್ನೇ ವೃತ್ತಿಯಾಗಿಸಿಕೊಳ್ಳುತ್ತಿದ್ದೇನೆ ಎಂಬುದು, ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆಯೇ ಎಂಬ ಒಂದೇ ಪ್ರಶ್ನೆ, ವಂದನೆ. ‘ವಿಧೇಯ’ ಎಂಬ ಪದವನ್ನಾದರೂ ಇಟ್ಟುಕೊಳ್ಳುತ್ತೇನೆಂದು ಚೌಕಾಸಿ ಮಾಡಿದೆ, ನಡೆಯಲಿಲ್ಲ.

ಮೂರನೆಯ ದಿನ ಮನುಷ್ಯರೇ ಬರೆದ ಉತ್ತರ ಬಂತು. ಅರ್ಜಿ ತಲುಪಿದೆ, ವಿಭಾಗದ ಮುಖ್ಯಸ್ಥರು ನೋಡುತ್ತಿದ್ದಾರೆ, ಈ ತಿಂಗಳ ಕೊನೆಯೊಳಗೆ ತಿಳಿಸುತ್ತೇವೆ ಎಂದಿತ್ತು. ವಿಭಾಗದ ಮುಖ್ಯಸ್ಥರ ಮೇಜಿನ ಎಡಗಡೆಯೂ ಒಂದು ಟ್ರೇ ಇರಬಹುದು, ನನಗೆ ಅದರ ಬಗ್ಗೆ ತಕರಾರಿಲ್ಲ.

ಮನೆಯಲ್ಲಿದ್ದ ಉದ್ದನೆಯ ನೋಟ್‌ಬುಕ್ಕಿಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೇನೆ. ಕ್ರಮಸಂಖ್ಯೆ 1, ಹುದ್ದೆಯ ಹೆಸರು, ಜಾಬ್ ಐಡಿ, `Submit` ಒತ್ತಿದ ದಿನಾಂಕ, ಸ್ವೀಕೃತಿ ಬಂದ ದಿನಾಂಕ, ವಿಚಾರಿಸಿದ ದಿನಾಂಕ. ಕೊನೆಯ ಕಾಲಂ ‘ಷರಾ’, ಅದು ಸದ್ಯಕ್ಕೆ ಖಾಲಿಯಿದೆ. ನಿನ್ನೆ ಇನ್ನೊಂದು ಕಂಪನಿಗೆ ಕ್ರಮಸಂಖ್ಯೆ 2 ಹಾಕುವಾಗ ಹೆಂಡತಿ ಬಂದು ಹಾಲಿಗೆ ಹೆಪ್ಪು ಹಾಕಿದಿರಾ ಎಂದಳು. ಪುಟದ ತಳ ಮುಟ್ಟುವವರೆಗೂ ಏಳುವುದಿಲ್ಲವೆಂದೆ. ಬೆಳಿಗ್ಗೆ ಮೊಸರಿರಲಿಲ್ಲ.